ನಿಕಲ್ ಬಾತ್: ಮೂಲೇಲಿ ಕಪ್ಪು ಪುಡಿ, ಒಳಮೂಲೇಲಿ ಮಂಕು, ಎರಡೂ ಒಟ್ಟಿಗೆ ಬರ್ತಿದೆ

ಮಂಜು_ಫ್ಯಾಬ್
ಎಲ್ಲರಿಗೂ ನಮಸ್ಕಾರ. ನಮ್ಮ ವರ್ಕ್‌ಶಾಪಲ್ಲಿ 40 ಲೀಟರ್‌ದು ಒಂದು ಬ್ರೈಟ್ ನಿಕಲ್ ಬಾತ್ ಇಟ್ಕೊಂಡಿದೀವಿ. ಮಾಡೋ ಕೆಲಸ ಎಲ್ ಆಕಾರದ ಎಂಎಸ್ ಬ್ರಾಕೆಟ್, ಒಂದೊಂದು ತೋಳು 10 ಸೆಂಟಿಮೀಟರ್ ಉದ್ದ 8 ಸೆಂಟಿಮೀಟರ್ ಅಗಲ, ಒಂದು ಸಲಕ್ಕೆ ಎರಡು ಪೀಸ್ ಇಳಿಬಿಡ್ತೀವಿ. ಮೊದಲು ಚೆನ್ನಾಗೇ ಬರ್ತಿತ್ತು, ಈಗ ಸ್ವಲ್ಪ ದಿನದಿಂದ ಕೆಳಗಿನ ಮೂಲೆಗಳಲ್ಲಿ ಕಪ್ಪಗೆ ಬರ್ತಿದೆ, ಹೆಬ್ಬೆರಳಲ್ಲಿ ಉಜ್ಜಿದ್ರೆ ಪುಡಿ ಪುಡಿಯಾಗಿ ಬೆರಳಿಗೆ ಹತ್ತುತ್ತೆ, ಅಂಚಿನುದ್ದಕ್ಕೂ ಬೂದು ಬಣ್ಣ, ಮುಟ್ಟಿದ್ರೆ ತರಿತರಿ. ತೋಳಿನ ಮಧ್ಯಭಾಗ ಮಾತ್ರ ಕನ್ನಡಿ ಥರ ಹೊಳೀತಿದೆ. ಆದ್ರೆ ಎರಡು ತೋಳು ಸೇರೋ ಒಳಮೂಲೇಲಿ ಮಂಕು, ಒಂಥರಾ ಕಪ್ಪು ಛಾಯೆ. ಬ್ರೈಟ್ನರ್ ಹಾಕಿ ನೋಡಿದೀನಿ, ಮಧ್ಯದ ಹೊಳಪು ಜಾಸ್ತಿ ಆಯ್ತೇ ಹೊರತು ಮೂಲೆ ಹಾಗೇ ಇದೆ, ಒಳಮೂಲೆ ಇನ್ನೂ ಕಪ್ಪಾದಂಗಿದೆ.

ಬಾತ್ ಕಟ್ಟಿದಾಗ ನಿಕಲ್ ಸಲ್ಫೇಟ್ ಲೀಟರ್‌ಗೆ 280 ಗ್ರಾಂ, ನಿಕಲ್ ಕ್ಲೋರೈಡ್ 50, ಬೋರಿಕ್ ಆಸಿಡ್ 40. ಪೇಪರ್‌ನಲ್ಲಿ ಪಿಎಚ್ ನಾಲ್ಕೂವರೆ ಆಸುಪಾಸು ತೋರಿಸುತ್ತೆ. ಥರ್ಮೋಸ್ಟಾಟ್ 55ಕ್ಕೆ ಇಟ್ಟಿದೀನಿ. ರೆಕ್ಟಿಫೈಯರ್ ಐದೂವರೆ ವೋಲ್ಟ್. ಇದ್ರಲ್ಲಿ ಎಲ್ಲಿ ತಪ್ಪಾಗ್ತಿದೆ?

ಕಿರಣ್‌ಸ್ಪಾರ್ಕ್
ಮಂಜಣ್ಣ ಇದು ಸಿಂಪಲ್, ಕರೆಂಟ್ ಜಾಸ್ತಿ ಆಗಿದೆ ಅಷ್ಟೇ. ಮೂಲೆ ಕಪ್ಪಾದ್ರೆ ಬರ್ನಿಂಗ್, ಕರೆಂಟ್ ಅರ್ಧ ಮಾಡಿ, ಬ್ರೈಟ್ನರ್ ಇನ್ನೊಂದು ಡೋಸ್ ಕೊಡಿ, ಒಳಮೂಲೆ ಮಂಕೂ ಹೋಗುತ್ತೆ. ನಾನು ಬೈಕ್ ಪಾರ್ಟ್ಸ್ ಪ್ಲೇಟಿಂಗ್ ಮಾಡುವಾಗ ಹಿಂಗೇ ಮಾಡೋದು.

ವೈರ್‌ಮನ್_ನಾಗ
ಸುಟ್ಟಿದೆ ಅಂದ್ರೆ ಮೊದಲು ಕಾಂಟ್ಯಾಕ್ಟ್ ನೋಡ್ಬೇಕು ಸರ್. ಹುಕ್ ಲೂಸ್ ಇದ್ರೆ ಅಲ್ಲಿ ಬಿಸಿ ಆಗಿ ಕಪ್ಪಾಗುತ್ತೆ, ಪ್ಯಾನೆಲ್ ಬೋರ್ಡಲ್ಲಿ ಲಗ್ ಲೂಸ್ ಆದ್ರೆ ಸುಡೋದೂ ಇದೇ ಥರ. ಹುಕ್ ಟೈಟ್ ಮಾಡಿ, ದಪ್ಪ ಕೇಬಲ್ ಹಾಕಿ, ಸರಿಹೋಗುತ್ತೆ.

ಹಳೇ_ಪ್ಲೇಟರ್
ನಾಗ ಅವ್ರೇ, ನೀವು ಹೇಳೋದು ಹುಕ್ ಹತ್ರ ಆಗೋ ಸಮಸ್ಯೆ. ಮಂಜು ಹೇಳ್ತಿರೋದು ಪೀಸ್‌ನ ಕೆಳಗಿನ ಮೂಲೆ, ಹುಕ್ ಇರೋದು ಮೇಲೆ, ಅದೂ ಬಾತ್ ಒಳಗೆ ಮುಳುಗಿರೋ ಜಾಗ, ಅಲ್ಲಿ ಲೋಹ ಬಿಸಿಯಾಗಿ ಸುಡೋ ಮಾತೇ ಇಲ್ಲ. ಪ್ಲೇಟಿಂಗ್‌ನಲ್ಲಿ ಬರ್ನಿಂಗ್ ಅನ್ನೋದು ಬೆಂಕಿ ಸುಟ್ಟಿದ್ದಲ್ಲ. ಮೂಲೇಲಿ ಕರೆಂಟ್ ಒತ್ತಾಗಿ ಬಂದಾಗ ಆ ಜಾಗದಲ್ಲಿರೋ ನಿಕಲ್ ಅಯಾನ್ ಬೇಗ ಖರ್ಚಾಗುತ್ತೆ, ಹಿಂದಿನಿಂದ ಹೊಸದು ಬರೋದು ತಡ ಆಗುತ್ತೆ. ಆಗ ಉಳಿದ ಕರೆಂಟ್ ಹೈಡ್ರೋಜನ್ ಬಿಡೋಕೆ ಶುರು ಮಾಡುತ್ತೆ, ಹೈಡ್ರೋಜನ್ ಹೋದಂಗೆಲ್ಲ ಆ ತೆಳು ಪದರದಲ್ಲಿ ಆಸಿಡ್ ಕಮ್ಮಿಯಾಗಿ ಪಿಎಚ್ ಏರುತ್ತೆ, ಏರಿದಾಗ ನಿಕಲ್ ಹೈಡ್ರಾಕ್ಸೈಡ್ ಆಗಿ ಲೋಹದ ಜೊತೆಗೇ ಸಿಕ್ಕಿಹಾಕ್ಕೊಳ್ಳುತ್ತೆ. ಮಂಜು ಬೆರಳಿಗೆ ಹತ್ತೋ ಪುಡಿ ಅದೇ. ಬಾತ್‌ನ ಒಟ್ಟು ಪಿಎಚ್ ಸರಿಯಾಗಿದ್ರೂ ಆ ಮೂಲೆ ಮೈಮೇಲಿನ ಪಿಎಚ್ ಬೇರೆ ಇರುತ್ತೆ ಅನ್ನೋದು ನೆನಪಿಟ್ಕೊಳ್ಳಿ, ಬೋರಿಕ್ ಆಸಿಡ್ ಹಾಕೋದೇ ಆ ಏರಿಕೆ ತಡೆಯೋಕೆ.

ಕಿರಣ್, ಕರೆಂಟ್ ವಿಷಯ ನೀನು ಹೇಳಿದ್ದು ಅರ್ಧ ಸರಿ. ಆದ್ರೆ ಬ್ರೈಟ್ನರ್ ಬೇಡ. ಮೂಲೆ ಅಂದ್ರೆ ಕರೆಂಟ್ ಜಾಸ್ತಿ ಬೀಳೋ ಜಾಗ, ಒಳಮೂಲೆ ಅಂದ್ರೆ ಕರೆಂಟ್ ತೀರಾ ಕಮ್ಮಿ ತಲುಪೋ ಜಾಗ. ಒಂದೇ ಪೀಸಲ್ಲಿ ಎರಡು ಕಡೆ ಎರಡು ಥರ ಕೆಟ್ಟಿದೆ ಅಂದ್ರೆ ಎರಡು ಬೇರೆ ಬೇರೆ ಕಾರಣ ಇರೋ ಸಾಧ್ಯತೆನೇ ಜಾಸ್ತಿ. ಬ್ರೈಟ್ನರ್ ಸುರಿದ್ರೆ ಅದು ಎರಡಕ್ಕೂ ಔಷಧಿ ಅಲ್ಲ, ಅತಿಯಾದ್ರೆ ಕೋಟಿಂಗ್ ಪೆಡಸಾಗಿ ಬಗ್ಗಿಸಿದಾಗ ಬಿರುಕು ಬಿಡುತ್ತೆ, ಕರೆಂಟ್ ಕಮ್ಮಿ ಇರೋ ಜಾಗ ಇನ್ನಷ್ಟು ಕಪ್ಪಾಗುತ್ತೆ. ಮಂಜುಗೆ ಆಗಿರೋದೂ ಅದೇ ಅನ್ಸುತ್ತೆ.

ಮಂಜು, ಮೂರು ಪ್ರಶ್ನೆ. ಐದೂವರೆ ವೋಲ್ಟ್ ಅಂದೆ, ಆಗ ಅಮ್ಮೀಟರ್ ಎಷ್ಟು ತೋರಿಸುತ್ತೆ? ಬಾತ್ ಕದಡೋಕೆ ಏನಿದೆ? ಟ್ಯಾಂಕ್ ತಳದಲ್ಲಿ ಏನಾದ್ರೂ ಕೂತಿದ್ಯಾ?

ಮಂಜು_ಫ್ಯಾಬ್
ಸರ್ ಅಮ್ಮೀಟರ್ 30 ಆಂಪ್ ತೋರಿಸುತ್ತೆ. ಕದಡೋಕೆ ಬೇರೆ ಏನಿಲ್ಲ, ಫಿಲ್ಟರ್ ಪಂಪ್ ಇದೆ, ವಾರಕ್ಕೊಂದು ಸಲ ಬೆಳಿಗ್ಗೆ ಕೆಲಸ ಶುರು ಮಾಡೋಕೆ ಮುಂಚೆ ಓಡಿಸ್ತೀವಿ, ಆಮೇಲೆ ಆಫ್. ತಳದಲ್ಲಿ ಹೌದು, ಬೆಳಿಗ್ಗೆ ನೋಡಿದ್ರೆ ಬಿಳಿ ಹರಳು ಕೂತಿರುತ್ತೆ, ಆನೋಡ್ ಬ್ಯಾಗ್ ಮೇಲೂ ಹೊಳೆಯೋ ಬಿಳಿ ಪುಡಿ ಅಂಟಿರುತ್ತೆ. ರಾತ್ರಿ ಹೀಟರ್ ಆಫ್ ಮಾಡಿ ಹೋಗ್ತೀವಿ. ಅದು ಧೂಳು ಅಂದ್ಕೊಂಡು ಫಿಲ್ಟರ್‌ನಲ್ಲಿ ಎಳೆದು ಹಾಕ್ತಿದ್ವಿ.

ಲ್ಯಾಬ್‌ಸುಧಾ
ಅದು ಧೂಳಲ್ಲ, ಬೋರಿಕ್ ಆಸಿಡ್! ನಿಕಲ್ ಉಪ್ಪಾಗಿದ್ರೆ ಹರಳು ಹಸಿರಾಗಿರ್ತಿತ್ತು. ಬೋರಿಕ್ ಆಸಿಡ್ ಬಿಸಿನೀರಲ್ಲಿ ಚೆನ್ನಾಗಿ ಕರಗುತ್ತೆ, ತಣ್ಣೀರಲ್ಲಿ ಕಮ್ಮಿ. ಬರೀ ನೀರಲ್ಲೇ 20 ಡಿಗ್ರೀಲಿ ಲೀಟರ್‌ಗೆ ಹೆಚ್ಚುಕಮ್ಮಿ 47 ಗ್ರಾಂ ಅಷ್ಟೇ ನಿಲ್ಲೋದು, ಇಷ್ಟೊಂದು ನಿಕಲ್ ಉಪ್ಪು ತುಂಬಿರೋ ಬಾತ್‌ನಲ್ಲಿ ಇನ್ನೂ ಕಮ್ಮಿ. ರಾತ್ರಿ ಬಾತ್ ತಣ್ಣಗಾದಾಗ ಹರಳಾಗಿ ಕೆಳಗೆ ಕೂರುತ್ತೆ, ಬೆಳಿಗ್ಗೆ ಬಿಸಿ ಮಾಡಿದ್ರೆ ತಿರುಗಿ ಕರಗ್ತಿತ್ತು, ಆದ್ರೆ ನೀವು ಬಿಸಿ ಮಾಡೋ ಮುಂಚೆನೇ ಫಿಲ್ಟರ್ ಓಡಿಸ್ತಿದೀರ. ಅಂದ್ರೆ ವಾರಕ್ಕೊಂದು ಸಲ ಬೋರಿಕ್ ಆಸಿಡ್‌ನ ಹೊರಗೆ ಹಾಕ್ತಿದೀರ. ನಿಕಲ್ ಮಾತ್ರ ಆನೋಡಿಂದ ವಾಪಸ್ ತುಂಬ್ಕೊಳ್ಳುತ್ತೆ, ಬೋರಿಕ್ ಆಸಿಡ್‌ಗೆ ಹಂಗೆ ತುಂಬೋ ದಾರಿ ಇಲ್ಲ, ನಾವೇ ಹಾಕ್ಬೇಕು.

ಒಂದು ಬಾಟಲಿ ಬಾತ್ ತೆಗೆದುಕೊಂಡು ಯಾವುದಾದ್ರೂ ಲ್ಯಾಬಲ್ಲಿ ಟೈಟ್ರೇಶನ್ ಮಾಡಿಸಿ, ಮ್ಯಾನಿಟಾಲ್ ಹಾಕಿ ಕಾಸ್ಟಿಕ್‌ನಲ್ಲಿ ಮಾಡೋ ಸುಲಭದ ಟೆಸ್ಟ್ ಅದು. ಸ್ಯಾಂಪಲ್ ತೆಗೆಯುವಾಗ ಬಾತ್ ಪೂರ್ತಿ ಬಿಸಿಯಾಗಿ ಹರಳೆಲ್ಲ ಕರಗಿರ್ಬೇಕು, ತಣ್ಣಗಿರುವಾಗ ಮೇಲಿನ ನೀರು ತೆಗೆದ್ರೆ ಸುಳ್ಳು ಲೆಕ್ಕ ಬರುತ್ತೆ. ಸಾಧ್ಯ ಆದ್ರೆ ಹಲ್ ಸೆಲ್ ಪ್ಯಾನೆಲ್ ಒಂದು ಎಳೀರಿ.

ಇನ್ನೊಂದು, ಪಿಎಚ್ ಪೇಪರ್ ನಂಬ್ಬೇಡಿ. ನಿಕಲ್ ಬಾತ್‌ನಲ್ಲಿ ಉಪ್ಪು ಜಾಸ್ತಿ ಇರೋದ್ರಿಂದ ಪೇಪರ್ ಮೀಟರ್‌ಗಿಂತ 0.5ರಷ್ಟು ಜಾಸ್ತಿ ತೋರಿಸುತ್ತೆ, ಮೇಲೆ ಬಾತ್‌ನ ಹಸಿರು ಬಣ್ಣ ಬೇರೆ ಪೇಪರ್‌ಗೆ ಹತ್ತಿ ಓದೋದೇ ಕಷ್ಟ. ಪೇಪರ್ ನಾಲ್ಕೂವರೆ ಅಂದ್ರೆ ನಿಜವಾಗಿ ನಾಲ್ಕರ ಹತ್ರ ಇರ್ಬಹುದು, ಅದು ಸರಿಯಾಗೇ ಇದೆ. ಅದನ್ನ ನೋಡಿ ಆಸಿಡ್ ಸುರಿಯೋಕೆ ಹೋಗ್ಬೇಡಿ. ಅಂದ ಹಾಗೆ ಕೆಲಸ ಮಾಡ್ತಾ ಮಾಡ್ತಾ ಪಿಎಚ್ ಏರುತ್ತಾ ಇಳಿಯುತ್ತಾ?

ಮಂಜು_ಫ್ಯಾಬ್
ಏರುತ್ತೆ ಮೇಡಂ, ಆಗಾಗ ಸ್ವಲ್ಪ ಸಲ್ಫ್ಯೂರಿಕ್ ಹಾಕಿ ಇಳಿಸ್ತೀವಿ. ನೀರಲ್ಲಿ ಕಲಸಿ ಹಾಕ್ತೀವಿ.

ಲ್ಯಾಬ್‌ಸುಧಾ
ಹಾಗಾದ್ರೆ ಆನೋಡ್ ಆರೋಗ್ಯವಾಗಿದೆ. ಆನೋಡ್‌ನಲ್ಲಿ ನಿಕಲ್ ಪೂರ್ತಿ ಕರಗುತ್ತೆ, ಕ್ಯಾಥೋಡ್‌ನಲ್ಲಿ ಸ್ವಲ್ಪ ಕರೆಂಟ್ ಹೈಡ್ರೋಜನ್‌ಗೆ ಹೋಗುತ್ತೆ, ಅದಕ್ಕೇ ಪಿಎಚ್ ನಿಧಾನವಾಗಿ ಏರೋದು. ತಾನಾಗೇ ಇಳೀತಾ ಬಂದ್ರೆ ಮಾತ್ರ ಆನೋಡ್ ಕರಗ್ತಿಲ್ಲ, ಕ್ಲೋರೈಡ್ ಕಮ್ಮಿಯಾಗಿದೆ ಇಲ್ಲಾಂದ್ರೆ ಬ್ಯಾಗ್ ಕಟ್ಕೊಂಡಿದೆ ಅಂತ ಹುಡುಕ್ಬೇಕಿತ್ತು. ಆ ಕಡೆ ಹೋಗೋ ಅಗತ್ಯ ಇಲ್ಲ ನಿಮಗೆ.

ಬಸು_ತಾಮ್ರ
ನಮ್ಮದು ಆಸಿಡ್ ಕಾಪರ್ ಬಾತ್ ಐತ್ರಿ, ಅಲ್ಲೂ ಮೂಲಿ ಸುಡತಿತ್ತು. ನಾವು ತಳದಾಗ ತೂತು ಹೊಡದ ಪೈಪ್ ಇಟ್ಟು ಏರ್ ಬಿಟ್ಟ ಮ್ಯಾಲೆ ಅದೇ ಕರೆಂಟ್‌ದಾಗ ಚೊಲೋ ಬರಾಕತ್ತೈತಿ. ಮಂಜಣ್ಣಾರ ಬಾತ್‌ನ್ಯಾಗ ಕದಡೋದೇ ಇಲ್ಲಲ್ರಿ, ಅದೇ ಮುಖ್ಯ ಕಾರಣ ಅನ್ನಸ್ತೈತಿ ನನಗ. ಒಂದು ಮಾತು, ಕಂಪ್ರೆಸರ್ ಗಾಳಿ ಬಿಡಬ್ಯಾಡ್ರಿ, ಅದರ ಎಣ್ಣಿ ಬಾತ್‌ಗೆ ಬಂದು ಎಲ್ಲಾ ಹಾಳಾಗ್ತೈತಿ, ಎಣ್ಣಿ ಇಲ್ಲದ ಬ್ಲೋವರ್ ಹಾಕ್ರಿ. ಮತ್ತ ನಂದೊಂದು ಪ್ರಶ್ನೆ ಐತ್ರಿ, ನಮ್ಮ ಕಾಪರ್ ಆನೋಡ್ ಮ್ಯಾಲಿನ ಕರಿ ಪದರ ತಿಕ್ಕಿ ತಗೀಬೇಕೋ ಬ್ಯಾಡೋ?

ಹಳೇ_ಪ್ಲೇಟರ್
ಬಸು, ನಿಮ್ಮ ಕಾಪರ್ ಬಾತ್‌ನ ಆನೋಡ್ ಫಾಸ್ಫರಸ್ ಇರೋದಾದ್ರೆ ಆ ಕಪ್ಪು ಪದರ ಇರ್ಲೇಬೇಕು, ತಿಕ್ಕಬೇಡಿ. ಮಿಕ್ಕಿದ್ದು ಬೇರೆ ಚರ್ಚೆ ಶುರು ಮಾಡಿ ಹೇಳ್ತೀನಿ, ಇಲ್ಲಿ ಬೆರೆಸಿದ್ರೆ ಮಂಜು ವಿಷಯ ಕಳೆದುಹೋಗುತ್ತೆ. ಏರ್ ಬಗ್ಗೆ ನೀವು ಹೇಳಿದ್ದು ಸರಿ. ಆದ್ರೆ ನಿಕಲ್‌ನಲ್ಲಿ ಒಂದು ಎಚ್ಚರಿಕೆ, ಮಂಜು ಹಾಕಿರೋ ವೆಟ್ಟಿಂಗ್ ಏಜೆಂಟ್ ನೊರೆ ಬರೋ ಜಾತಿದಾದ್ರೆ ಏರ್ ಬಿಟ್ಟಾಗ ನೊರೆ ಉಕ್ಕಿ ಟ್ಯಾಂಕ್ ಹೊರಗೆ ಬರುತ್ತೆ. ಏರ್‌ಗೆ ಅಂತಲೇ ನೊರೆ ಕಮ್ಮಿ ಇರೋದು ಬೇರೆ ಬರುತ್ತೆ. ಇಲ್ಲಾಂದ್ರೆ ಕ್ಯಾಥೋಡ್ ಬಾರ್‌ನ ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸೋ ವ್ಯವಸ್ಥೆ ಮಾಡ್ಕೊಂಡ್ರೂ ಸಾಕು, ಚಿಕ್ಕ ಟ್ಯಾಂಕ್‌ಗೆ ಅದೇ ವಾಸಿ.

ಈಗ ಲೆಕ್ಕಕ್ಕೆ ಬರೋಣ. ಮಂಜು, ನಿನ್ನ ಒಂದು ತೋಳು 80 ಚದರ ಸೆಂಟಿಮೀಟರ್, ಎರಡು ತೋಳು 160, ಎರಡೂ ಮೈ ಸೇರಿ 320. ಎರಡು ಪೀಸ್‌ಗೆ 640, ಅಂದ್ರೆ 6.4 ಚದರ ಡೆಸಿಮೀಟರ್. 30 ಆಂಪ್‌ನ ಅದರಿಂದ ಭಾಗಿಸಿದ್ರೆ ಚದರ ಡೆಸಿಮೀಟರ್‌ಗೆ 4.7 ಆಂಪ್. ಇದು ಸರಾಸರಿ. ಕೆಳಗಿನ ಮೂಲೆಗೆ ಎಲ್ಲಾ ದಿಕ್ಕಿಂದ ಕರೆಂಟ್ ಬಂದು ಸೇರೋದ್ರಿಂದ ಅಲ್ಲಿ ಸರಾಸರಿಗಿಂತ ಎರಡರಷ್ಟು ಸುಲಭವಾಗಿ ಆಗುತ್ತೆ, ಅಂದ್ರೆ 9ರ ಮೇಲೆ. ಬಾತ್ ಬಿಸಿಯಾಗಿದ್ದು, ಚೆನ್ನಾಗಿ ಕದಡ್ತಾ ಇದ್ದು, ಬೋರಿಕ್ ಸರಿಯಿದ್ರೆ ಅದನ್ನೂ ತಡ್ಕೊಂಡೀತು. ನಿನ್ನ ಬಾತ್‌ನಲ್ಲಿ ಕದಡೋದಿಲ್ಲ, ಬೋರಿಕ್ ಇಲ್ಲ.

ಇನ್ನೊಂದು ಕೆಲಸ ಮಾಡು, ವೋಲ್ಟ್ ನೋಡಿ ಸೆಟ್ ಮಾಡೋ ಅಭ್ಯಾಸ ಬಿಡು. ಬಾತ್ ಬಿಸಿ ಬದಲಾದ್ರೆ, ಆನೋಡ್ ಸವೆದ್ರೆ, ಒಂದು ಪೀಸ್ ಕಮ್ಮಿ ಹಾಕಿದ್ರೆ, ಅದೇ ಐದೂವರೆ ವೋಲ್ಟ್‌ಗೆ ಬೇರೆ ಬೇರೆ ಆಂಪ್ ಬರುತ್ತೆ. ಪೀಸ್‌ನ ಮೈ ಅಳೆದು ಆಂಪ್ ಸೆಟ್ ಮಾಡು, ವೋಲ್ಟ್ ಎಷ್ಟು ಬರುತ್ತೋ ಬರ್ಲಿ. ಮತ್ತೆ ಒಂದು ಥರ್ಮಾಮೀಟರ್ ತೊಗೊಂಡು ಪೀಸ್ ನೇತಾಡೋ ಜಾಗದಲ್ಲೇ ಅಳೆದು ಹೇಳು, ಥರ್ಮೋಸ್ಟಾಟ್ ಹೇಳೋದು ಬೇಡ.

ಮಂಜು_ಫ್ಯಾಬ್
ಅಳೆದೆ ಸರ್. ಥರ್ಮೋಸ್ಟಾಟ್ 55 ತೋರಿಸ್ತಿದೆ, ಆದ್ರೆ ಅದರ ಪ್ರೋಬ್ ಹೀಟರ್ ಪಕ್ಕದಲ್ಲೇ ಇದೆ. ಪೀಸ್ ಕೆಳತುದಿ ಹತ್ರ ಥರ್ಮಾಮೀಟರ್ ಇಳಿಬಿಟ್ರೆ 44 ಬರ್ತಿದೆ. ಹೀಟರ್ ಇನ್ನೊಂದು ತುದೀಲಿರೋದು, ಕದಡೋದೂ ಇಲ್ವಲ್ಲ. ಬೋರಿಕ್ ಟೈಟ್ರೇಶನ್ ಮಾಡಿಸಿದೆ, ಲೀಟರ್‌ಗೆ 24 ಗ್ರಾಂ ಅಂತ ಬಂದಿದೆ.

ಕಿರಣ್‌ಸ್ಪಾರ್ಕ್
24 ಅಂದ್ರೆ ತೀರಾ ಕಮ್ಮಿ ಏನಲ್ವಲ್ಲ, ನಾನು ನೋಡಿದ ಒಂದು ಚಾರ್ಟಲ್ಲಿ 30ರಿಂದ 45 ಅಂತಿತ್ತು. ಅಷ್ಟಕ್ಕೇ ಸುಡುತ್ತಾ? ನನಗೆ ಈಗಲೂ ಕರೆಂಟೇ ಅನ್ಸೋದು. 30 ಆಂಪ್ ಇದ್ದಿದ್ದು 15 ಮಾಡಿ ನೋಡಿ ಮೊದಲು.

ಲ್ಯಾಬ್‌ಸುಧಾ
ಕಿರಣ್, 30ರ ಕೆಳಗೆ ಹೋದ್ರೆನೇ ಮೂಲೇಲಿ ಗೊತ್ತಾಗೋಕೆ ಶುರುವಾಗುತ್ತೆ. ಒಂದೇ ಕಾರಣ ಅಂತ ಹುಡುಕೋದು ಬೇಡ. ಬೋರಿಕ್ ಕಮ್ಮಿ, ಬಿಸಿ 44, ಕದಡೋದಿಲ್ಲ, ಕರೆಂಟ್ ಜಾಸ್ತಿ, ನಾಲ್ಕೂ ಒಂದೇ ಕಡೆಗೆ ತಳ್ತಿವೆ. ಕರೆಂಟ್ ಅರ್ಧ ಮಾಡಿದ್ರೆ ಮೂಲೆ ಸುಡೋದು ನಿಲ್ಲುತ್ತೆ ಒಪ್ತೀನಿ, ಆದ್ರೆ ಆಗ ಒಳಮೂಲೆಗೆ ಬೀಳೋ ಕರೆಂಟ್ ಇನ್ನೂ ಕಮ್ಮಿಯಾಗಿ ಆ ಮಂಕು ಜಾಸ್ತಿ ಆಗುತ್ತೆ, ಕೋಟಿಂಗ್ ದಪ್ಪವೂ ಅರ್ಧ. ರೋಗ ಹಾಗೇ ಇರುತ್ತೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜಾಗ ಬದಲಾಯಿಸುತ್ತೆ ಅಷ್ಟೇ.

ಮಂಜು ನನಗೂ ಒಂದು ಬಾಟಲಿ ಕಳಿಸಿದ್ರು, ಹಲ್ ಸೆಲ್ ಎಳೆದೆ. 267 ಮಿಲಿಲೀಟರ್ ಸೆಲ್, ಹಿತ್ತಾಳೆ ಪ್ಯಾನೆಲ್, 2 ಆಂಪ್, 5 ನಿಮಿಷ, ಬಿಸಿ ಬೇಕಂತಲೇ 44ಕ್ಕೇ ಇಟ್ಟೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಆ ಸೆಲ್‌ನಲ್ಲಿ ಪ್ಯಾನೆಲ್ ಓರೆಯಾಗಿ ನಿಲ್ಲುತ್ತೆ, ಒಂದು ತುದಿ ಆನೋಡ್‌ಗೆ ಹತ್ರ, ಇನ್ನೊಂದು ದೂರ, ಹಾಗಾಗಿ ಒಂದೇ ತಗಡಿನ ಮೇಲೆ ಜಾಸ್ತಿ ಕರೆಂಟಿಂದ ಕಮ್ಮಿ ಕರೆಂಟ್‌ವರೆಗೆ ಎಲ್ಲಾ ಬರುತ್ತೆ. ಹತ್ರದ ತುದಿಯಿಂದ ಎಷ್ಟು ಸೆಂಟಿಮೀಟರ್‌ನಲ್ಲಿ ಏನು ಕಾಣುತ್ತೆ ಅಂತ ಅಳೆದು ಈ ಸೂತ್ರಕ್ಕೆ ಹಾಕಿದ್ರೆ ಆ ಜಾಗದ ಕರೆಂಟ್ ಸಿಗುತ್ತೆ:

```
i = I × (5.10 − 5.24 × log L)
```

ಇಲ್ಲಿ `I` ಅಂದ್ರೆ ಒಟ್ಟು ಆಂಪ್, `L` ಸೆಂಟಿಮೀಟರ್, `i` ಚದರ ಡೆಸಿಮೀಟರ್‌ಗೆ ಆಂಪ್. ತೀರಾ ತುದಿಗಳಲ್ಲಿ ಈ ಸೂತ್ರ ನಂಬೋ ಹಾಗಿಲ್ಲ, ಮಧ್ಯದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ.

ಮಂಜು ಪ್ಯಾನೆಲ್‌ನಲ್ಲಿ ಹತ್ರದ ತುದಿಯಿಂದ 4 ಸೆಂಟಿಮೀಟರ್‌ವರೆಗೆ ಬೂದು, ಅದರಲ್ಲೂ ತುದೀಲಿ ಕಪ್ಪು ಪುಡಿ. ಸೂತ್ರಕ್ಕೆ 4 ಹಾಕಿದ್ರೆ 3.9 ಬರುತ್ತೆ. ಅಂದ್ರೆ ಈ ಬಾತ್ ಈಗಿರೋ ಸ್ಥಿತೀಲಿ ಚದರ ಡೆಸಿಮೀಟರ್‌ಗೆ 4 ಆಂಪ್ ದಾಟಿದ್ರೆ ಸುಡುತ್ತೆ. ಬ್ರಾಕೆಟ್‌ನ ಸರಾಸರಿನೇ 4.7, ಮಧ್ಯಭಾಗ ಸರಾಸರಿಗಿಂತ ಕಮ್ಮಿ ಪಡೆಯೋದ್ರಿಂದ ಹೊಳೀತಿದೆ, ಮೂಲೆ 9 ಪಡೆದು ಪುಡಿಯಾಗ್ತಿದೆ. ನಿಮ್ಮ ಪೀಸ್ ನೋಡಿದ್ದಕ್ಕೂ ಪ್ಯಾನೆಲ್‌ಗೂ ಸರಿಯಾಗಿ ತಾಳೆ ಆಗ್ತಿದೆ.

ಆಮೇಲೆ ಅದೇ ಬಾತ್‌ಗೆ ಲೀಟರ್‌ಗೆ 16 ಗ್ರಾಂ ಲೆಕ್ಕದಲ್ಲಿ ಬೋರಿಕ್ ಸೇರಿಸಿ, ಬಿಸಿ 55ಕ್ಕೆ ತಂದು, ಗಾಜಿನ ಕಡ್ಡಿಯಲ್ಲಿ ಕದಡ್ತಾ ಇನ್ನೊಂದು ಪ್ಯಾನೆಲ್ ಎಳೆದೆ. ಸುಟ್ಟಿದ್ದು ಬರೀ 1 ಸೆಂಟಿಮೀಟರ್‌ಗೆ ಬಂತು, ಅಂದ್ರೆ ಸುಮಾರು 10 ಆಂಪ್‌ವರೆಗೆ ತಡ್ಕೊಳ್ಳುತ್ತೆ. ಬ್ರೈಟ್ನರ್ ಒಂದು ಹನಿನೂ ಹಾಕಿಲ್ಲ.

ಆದ್ರೆ ದೂರದ ತುದೀಲಿ ಎರಡೂ ಪ್ಯಾನೆಲ್‌ನಲ್ಲಿ 8 ಸೆಂಟಿಮೀಟರ್ ಆಚೆ ಕಪ್ಪು ಮಬ್ಬು ಹಾಗೇ ಇದೆ. ಬೋರಿಕ್‌ಗೂ ಅದಕ್ಕೂ ಸಂಬಂಧ ಇಲ್ಲ. 8 ಸೆಂಟಿಮೀಟರ್ ಅಂದ್ರೆ 0.7 ಆಂಪ್ ಆಸುಪಾಸು, ಬ್ರಾಕೆಟ್‌ನ ಒಳಮೂಲೆಗೆ ಸಿಗೋದೂ ಅಷ್ಟೇ ಇರ್ಬೇಕು.

ಹಳೇ_ಪ್ಲೇಟರ್
ಸುಧಾ ಅವ್ರೇ, ತುಂಬಾ ಒಳ್ಳೆ ಕೆಲಸ ಮಾಡಿದ್ರಿ. ಕಮ್ಮಿ ಕರೆಂಟ್ ತುದಿ ಕಪ್ಪಾಗೋದು ಅಂದ್ರೆ ನನ್ನ ಮೊದಲ ಅನುಮಾನ ತಾಮ್ರ, ಆಮೇಲೆ ಸತು. ತಾಮ್ರ ನಿಕಲ್‌ಗಿಂತ ಸುಲಭವಾಗಿ ಕೂರೋ ಲೋಹ, ಬಾತ್‌ನಲ್ಲಿ ಚೂರು ಇದ್ರೂ ಕರೆಂಟ್ ಕಮ್ಮಿ ಇರೋ ಜಾಗಕ್ಕೆ ನಿಕಲ್ ನಿಧಾನಕ್ಕೆ ಬರುವಾಗ ಅದರ ಪಾಲು ಅಲ್ಲಿ ಜಾಸ್ತಿ ಆಗುತ್ತೆ.

ಮಂಜು, ಹೀಗೆ ಮಾಡು. ಮೊದಲು ಬೋರಿಕ್. 40 ಲೀಟರ್‌ಗೆ 16 ಗ್ರಾಂ ಲೆಕ್ಕದಲ್ಲಿ 640 ಗ್ರಾಂ. ಪುಡಿನ ಹಾಗೇ ಟ್ಯಾಂಕ್‌ಗೆ ಸುರೀಬೇಡ, ಮೇಲೆ ತೇಲಿ ಗಂಟು ಕಟ್ಟಿ ಪೀಸ್‌ಗೆ ಅಂಟಿದ್ರೆ ತರಿ ಬರುತ್ತೆ. ಬಾತ್‌ನ 60ಕ್ಕೆ ಬಿಸಿ ಮಾಡಿ, ಆನೋಡ್ ಬ್ಯಾಗ್ ಥರದ ದಟ್ಟ ಬಟ್ಟೆ ಚೀಲದಲ್ಲಿ ಹಾಕಿ ಇಳಿಬಿಡು, ಆಗಾಗ ಚೀಲ ಅಲ್ಲಾಡಿಸು, ಪೂರ್ತಿ ಕರಗೋಕೆ ಸಮಯ ಹಿಡಿಯುತ್ತೆ. ಅವತ್ತು ಪೀಸ್ ಇಳಿಸ್ಬೇಡ. ಫಿಲ್ಟರ್‌ನ ಇನ್ಮೇಲೆ ಬಾತ್ ಬಿಸಿ ಇರುವಾಗ ಮಾತ್ರ ಓಡಿಸು, ಕೆಲಸ ನಡೆಯೋವಾಗ್ಲೇ ಓಡ್ತಿದ್ರೆ ಕದಡಿದಂಗೂ ಆಗುತ್ತೆ, ಬಿಸಿನೂ ಎಲ್ಲಾ ಕಡೆ ಸಮ ಆಗುತ್ತೆ. ಪ್ರೋಬ್‌ನ ಹೀಟರ್ ಪಕ್ಕದಿಂದ ಪೀಸ್ ಪಕ್ಕಕ್ಕೆ ತಾ.

ಕರೆಂಟ್ 20 ಆಂಪ್‌ಗೆ ಇಳಿಸು, ಸರಾಸರಿ 3 ಚಿಲ್ಲರೆ ಆಗುತ್ತೆ. ಆ ಲೆಕ್ಕದಲ್ಲಿ 20 ನಿಮಿಷಕ್ಕೆ ಹೆಚ್ಚುಕಮ್ಮಿ 12 ಮೈಕ್ರಾನ್ ಕೂರುತ್ತೆ. ಒಂದೇ ಪೀಸ್ ಹಾಕಿದ್ರೆ 10 ಆಂಪ್, ಇದನ್ನ ಮಾತ್ರ ಮರೀಬೇಡ, ಅರ್ಧ ಲೋಡ್‌ಗೆ ಪೂರ್ತಿ ಕರೆಂಟ್ ಕೊಟ್ಟು ಸುಟ್ಕೊಂಡೋರೇ ಜಾಸ್ತಿ.

ತಾಮ್ರ ತೆಗೆಯೋಕೆ ಡಮ್ಮಿ ಓಡಿಸು. ಕ್ಲೀನ್ ಮಾಡಿದ ಸ್ಟೀಲ್ ತಗಡನ್ನ ಅಲೆ ಅಲೆಯಾಗಿ ಬಗ್ಗಿಸಿ ಪೀಸ್ ಜಾಗದಲ್ಲಿ ನೇತುಹಾಕು, ಚದರ ಡೆಸಿಮೀಟರ್‌ಗೆ 0.3 ಆಂಪ್ ಆಸುಪಾಸು ಕೊಡು, ಬಾತ್ ಬಿಸಿ ಇರ್ಲಿ, ಕದಡ್ತಾ ಇರ್ಲಿ. ಎರಡೂ ಮೈ ಸೇರಿ 6 ಚದರ ಡೆಸಿಮೀಟರ್ ತಗಡಾದ್ರೆ ಬರೀ 2 ಆಂಪ್. ತಗಡಿನ ಹಳ್ಳಗಳಲ್ಲಿ ಮೊದಲು ಕಪ್ಪು ಬರುತ್ತೆ, ತಾಮ್ರ ಕಮ್ಮಿಯಾದಂಗೆ ಹೊಸ ತಗಡು ಹಾಕಿದಾಗ ಆ ಹಳ್ಳ ತಿಳಿ ಬೂದಿಗೆ ತಿರುಗುತ್ತೆ. ಅದೇ ಗುರುತು.

ಲ್ಯಾಬ್‌ಸುಧಾ
ಡಮ್ಮಿ ಸರಿ, ಆದ್ರೆ ಮಂಜು ಬ್ರೈಟ್ನರ್ ಜಾಸ್ತಿ ಹಾಕಿದೀನಿ ಅಂದಿದಾರೆ. ಆ ಕಮ್ಮಿ ಕರೆಂಟ್ ಮಬ್ಬಿಗೆ ಅದೂ ಕಾರಣ ಇರ್ಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಬಿಸಿ ಇಟ್ಟು, ಕಾರ್ಬನ್ ಲೀಟರ್‌ಗೆ 3 ಗ್ರಾಂ ಹಾಕಿ ಫಿಲ್ಟರ್ ಮಾಡಿದ್ರೆ ಒಂದೇ ಸಲಕ್ಕೆ ಸಾವಯವ ಕಸ ಎಲ್ಲಾ ಹೋಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಹಳೇ_ಪ್ಲೇಟರ್
ಕಾರ್ಬನ್ ಹಾಕಿದ್ರೆ ಕಸದ ಜೊತೆ ಒಳ್ಳೆ ಬ್ರೈಟ್ನರ್, ವೆಟ್ಟಿಂಗ್ ಏಜೆಂಟ್ ಎಲ್ಲಾ ಎಳ್ಕೊಂಡು ಹೋಗುತ್ತೆ, ಆಮೇಲೆ ಎಲ್ಲಾ ಹೊಸದಾಗಿ ಹಾಕಿ ಹೊಂದಿಸ್ಬೇಕು. ಚಿಕ್ಕ ವರ್ಕ್‌ಶಾಪ್‌ನೋರಿಗೆ ಅದು ದೊಡ್ಡ ಕೆಲಸ. ಬ್ರೈಟ್ನರ್ ಹಾಕೋದು ನಿಲ್ಲಿಸಿದ್ರೆ ಕೆಲಸ ನಡೀತಾ ಅದೇ ಖರ್ಚಾಗುತ್ತೆ. ಮೊದಲು ಡಮ್ಮಿ, ಅದಾದ ಮೇಲೂ ಪ್ಯಾನೆಲ್ ಮಬ್ಬಿದ್ರೆ ಆಗ ಕಾರ್ಬನ್. ನನ್ನ ಕ್ರಮ ಇದು.

ಲ್ಯಾಬ್‌ಸುಧಾ
ಖರ್ಚಾಗೋದು ಬ್ರೈಟ್ನರ್ ಸರ್, ಅದು ಒಡೆದು ಉಳಿಯೋ ಕಸ ಖರ್ಚಾಗಲ್ಲ, ಅದು ಬಾತ್‌ನಲ್ಲೇ ಉಳಿಯುತ್ತೆ. ನಾನು ಹೇಳೋದು ಅದನ್ನೇ. ಆದ್ರೆ ಮೊದಲು ಡಮ್ಮಿ ಮಾಡಿ ನೋಡೋದಕ್ಕೆ ನನ್ನ ಆಕ್ಷೇಪ ಇಲ್ಲ. ಸಾಧ್ಯ ಆದ್ರೆ ಒಂದು ಲೀಟರ್ ಬಾತ್‌ಗೆ ಮಾತ್ರ ಬೀಕರ್‌ನಲ್ಲಿ ಕಾರ್ಬನ್ ಮಾಡಿ ಪ್ಯಾನೆಲ್ ಎಳೀತೀನಿ, ಟ್ಯಾಂಕ್ ಮುಟ್ಟದೇ ಗೊತ್ತಾಗುತ್ತೆ. ಮಂಜು, ಯಾವ ದಾರಿ ಹಿಡಿದ್ರೂ ಫಿಲ್ಟರ್‌ನಲ್ಲಿ ಸಿಗೋ ಕೆಸರನ್ನ ಚರಂಡಿಗೆ ಬಿಡಬೇಡಿ, ನಿಕಲ್ ಇರುತ್ತೆ ಅದರಲ್ಲಿ, ಬೇರೆ ಡಬ್ಬದಲ್ಲಿ ಇಟ್ಟು ಅಪಾಯಕಾರಿ ತ್ಯಾಜ್ಯ ತೊಗೊಳ್ಳೋರಿಗೇ ಕೊಡಿ. ಗ್ಲೌಸ್ ಇಲ್ಲದೆ ಕೈ ಹಾಕ್ಬೇಡಿ, ನಿಕಲ್ ಅಲರ್ಜಿ ಒಂದು ಸಲ ಬಂದ್ರೆ ಹೋಗಲ್ಲ.

ರವಿ_ಲೇತ್
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇದೆಲ್ಲಾ ಕ್ಲೀನಿಂಗ್ ಸರಿ ಇಲ್ಲದ್ದಕ್ಕೆ ಆಗಿರ್ಬಹುದಲ್ವಾ? ಎಣ್ಣೆ ಉಳಿದಿದ್ರೂ ಮಂಕು ಬರುತ್ತಲ್ಲ.

ಹಳೇ_ಪ್ಲೇಟರ್
ಎಣ್ಣೆ ಉಳಿದ್ರೆ ಮಂಕು ಎಲ್ಲೆಂದ್ರಲ್ಲಿ ತೇಪೆ ತೇಪೆಯಾಗಿ ಬರುತ್ತೆ, ಪೀಸಿಂದ ಪೀಸ್‌ಗೆ ಜಾಗ ಬದಲಾಗುತ್ತೆ, ಕೋಟಿಂಗ್ ಏಳುತ್ತೆ. ಇಲ್ಲಿ ಪ್ರತಿ ಪೀಸಲ್ಲೂ ಅದೇ ಮೂಲೆ, ಅದೇ ಒಳಮೂಲೆ. ಜಾಗ ಆಕಾರಕ್ಕೆ ಅಂಟ್ಕೊಂಡಿದ್ರೆ ಕಾರಣ ಕರೆಂಟ್ ಹಂಚಿಕೆ ಮತ್ತು ಬಾತ್, ಕ್ಲೀನಿಂಗ್ ಅಲ್ಲ. ಅನುಮಾನ ಇದ್ರೆ ಕ್ಲೀನ್ ಮಾಡಿದ ಪೀಸ್‌ನ ನೀರಲ್ಲಿ ಅದ್ದಿ ಎತ್ತಿ ನೋಡ್ಬಹುದು, ನೀರು ಎಲ್ಲೂ ಒಡೀದೆ ಒಂದೇ ಪರದೆಯಾಗಿ ಇಳಿದ್ರೆ ಎಣ್ಣೆ ಇಲ್ಲ.

ಮಂಜು_ಫ್ಯಾಬ್
ಎಲ್ಲಾ ಮಾಡಿದ್ವಿ. 640 ಗ್ರಾಂ ಬೋರಿಕ್ ಚೀಲದಲ್ಲಿ ಕರಗಿಸಿದ್ವಿ, ಪ್ರೋಬ್ ಜಾಗ ಬದಲಾಯಿಸಿದ್ವಿ, ಈಗ ಪೀಸ್ ಹತ್ರ 54 ಬರ್ತಿದೆ, ಫಿಲ್ಟರ್ ದಿನವಿಡೀ ಓಡುತ್ತೆ. ಪಿಎಚ್ ಮೀಟರ್‌ನಲ್ಲಿ 4.1. ಎರಡು ಪೀಸ್‌ಗೆ 20 ಆಂಪ್. ಮೂಲೆಗಳು ಪೂರ್ತಿ ಹೊಳೀತಿವೆ, ಪುಡಿ ಇಲ್ಲ, ಉಗುರಲ್ಲಿ ಕೆರೆದ್ರೂ ಏನೂ ಬರಲ್ಲ. ಒಂದು ಕಡೆ ಮಾತ್ರ, ಆನೋಡ್‌ಗೆ ತೀರಾ ಹತ್ರ ಬರೋ ಕೆಳಗಿನ ಮೂಲೇಲಿ ಸ್ವಲ್ಪ ಬೂದು ಗೆರೆ ಉಳಿದಿದೆ.

ಡಮ್ಮಿ ರಾತ್ರಿಯಿಡೀ ಓಡಿಸಿದ್ವಿ, ಒಬ್ಬರು ಅಲ್ಲೇ ಇದ್ವಿ. ಮೊದಲ ತಗಡಿನ ಹಳ್ಳಗಳು ಕಪ್ಪಗೆ ಬಂದ್ವು, ಎರಡನೇದು ಕಂದು ಬೂದು, ಮೂರನೇದು ತಿಳಿ. ಒಳಮೂಲೆ ಮಂಕು ಮುಕ್ಕಾಲು ಭಾಗ ಕಮ್ಮಿಯಾಗಿದೆ, ಆದ್ರೆ ಪೂರ್ತಿ ಹೋಗಿಲ್ಲ.

ಹಳೇ_ಪ್ಲೇಟರ್
ಆ ಬೂದು ಗೆರೆಗೆ ಕರೆಂಟ್ ಇನ್ನೂ ಇಳಿಸ್ಬೇಡ. ಮೂಲೆಯ ಕೆಳಗೆ ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಒಂದು ಸ್ಟೀಲ್ ತಂತಿ ಹಾದುಹೋಗೋ ಹಾಗೆ ರ್‍ಯಾಕ್‌ಗೇ ಕಟ್ಟು, ಮೂಲೆಗೆ ಬರೋ ಹೆಚ್ಚಿನ ಕರೆಂಟ್‌ನ ಆ ತಂತಿ ಕದ್ದುಕೊಳ್ಳುತ್ತೆ. ತಂತಿ ಮೇಲೆ ನಿಕಲ್ ದಪ್ಪಗೆ ಕಟ್ಟುತ್ತೆ, ಆಗಾಗ ಬದಲಾಯಿಸ್ಬೇಕು. ಪೀಸ್ ಆನೋಡ್‌ನಿಂದ ಸ್ವಲ್ಪ ದೂರ ಸರಿಸೋಕೆ ಜಾಗ ಇದ್ರೆ ಅದೂ ಒಳ್ಳೇದು.

ಒಳಮೂಲೆ ಬಗ್ಗೆ ಒಂದು ಮಾತು, ಅಲ್ಲಿ ಕೋಟಿಂಗ್ ಯಾವತ್ತೂ ಮಧ್ಯಭಾಗದಷ್ಟು ದಪ್ಪ ಬರಲ್ಲ. ಮಂಕು ಹೋಗ್ಬಹುದು, ತೆಳುವಾಗಿರೋದು ಹೋಗಲ್ಲ, ಆಕಾರವೇ ಹಾಗಿದೆ. ಆ ಬ್ರಾಕೆಟ್ ಮಳೆ ಬೀಳೋ ಜಾಗದಲ್ಲಿ ಇರೋದಾದ್ರೆ ಮೊದಲು ತುಕ್ಕು ಕಾಣಿಸ್ಕೊಳ್ಳೋದು ಒಳಮೂಲೇಲೇ, ಹಾಗಾಗಿ ದಪ್ಪ ಅಳೆಯೋದಾದ್ರೆ ಅಲ್ಲಿ ಅಳೆಸು, ಮಧ್ಯದಲ್ಲಿ ಅಲ್ಲ. ಜಾಸ್ತಿ ಬೇಕಂದ್ರೆ ಎರಡು ತೋಳಿನ ನಡುವೆ ಒಂದು ಚಿಕ್ಕ ಸಹಾಯಕ ಆನೋಡ್ ಇಳಿಬಿಡ್ಬೇಕಾಗುತ್ತೆ.

ಈಗ ತಾಮ್ರ ಎಲ್ಲಿಂದ ಬಂತು ಹುಡುಕು. ಇಲ್ಲಾಂದ್ರೆ ತಿರುಗಿ ಬರುತ್ತೆ.

ಮಂಜು_ಫ್ಯಾಬ್
ಟ್ಯಾಂಕ್ ತಳ ಮ್ಯಾಗ್ನೆಟ್‌ನಲ್ಲೂ ಇಕ್ಕಳದಲ್ಲೂ ಹುಡುಕಿದೆ ಸರ್, ಎರಡು ನಟ್ ಸಿಕ್ತು, ಎರಡೂ ಸ್ಟೀಲ್. ಬಿದ್ದ ಹಿತ್ತಾಳೆ ಏನೂ ಇಲ್ಲ. ಆದ್ರೆ ಆನೋಡ್ ನೇತುಹಾಕೋ ಬಾರ್ ತಾಮ್ರದ್ದು, ಟ್ಯಾಂಕ್ ಮೇಲೇ ಅಡ್ಡ ಇದೆ, ಅದರ ಕೆಳಮೈ ಹಸಿರು ಕಿಲುಬು ಹಿಡಿದು ಹನಿ ಹನಿಯಾಗಿ ಜಿನುಗಿರೋ ಗುರುತು ಇದೆ.

ಹಳೇ_ಪ್ಲೇಟರ್
ಅದೇ ನೋಡು. ಬಾತ್ ಹಬೆ ಬಾರ್‌ಗೆ ತಾಗಿ ಕಿಲುಬು ಕರಗಿ ಒಳಗೆ ಬೀಳ್ತಿದೆ. ಬಾರ್ ಬಿಚ್ಚಿ ಉಜ್ಜಿ ತೊಳಿ, ಕಾಂಟ್ಯಾಕ್ಟ್ ಜಾಗ ಬಿಟ್ಟು ಮಿಕ್ಕಿದ್ದಕ್ಕೆ ಪ್ಲಾಸ್ಟಿಕ್ ಸ್ಲೀವ್ ಹಾಕು.

ಕಿರಣ್‌ಸ್ಪಾರ್ಕ್
ಬಾರಿಂದ ಬೀಳೋ ಹನಿ ಇಷ್ಟು ಕೆಲಸ ಮಾಡುತ್ತಾ ಸರ್? ನನಗೆ ಅನುಮಾನ ನಿಕಲ್ ಸಲ್ಫೇಟ್ ಮೇಲೇ. ಹೊಸ ಚೀಲ ಒಡೆದ ಮೇಲೆ ಶುರುವಾಯ್ತಾ ಇದು ಮಂಜಣ್ಣ?

ಮಂಜು_ಫ್ಯಾಬ್
ಹೊಸ ಚೀಲ ಒಡೆದಿದ್ದು ಹೌದು ಕಿರಣ್, ಸುಮಾರು ಅದೇ ಸಮಯಕ್ಕೆ. ಆದ್ರೆ ಬಾರ್ ಕಿಲುಬು ಅದಕ್ಕೂ ಮುಂಚಿನಿಂದ ಇತ್ತು.

ಲ್ಯಾಬ್‌ಸುಧಾ
ಹಾಗಾದ್ರೆ ಎರಡನ್ನೂ ಬೇರೆ ಮಾಡಿ ನೋಡೋಕೆ ದಾರಿ ಇದೆ. ಆ ಚೀಲದ ಉಪ್ಪು ಅರ್ಧ ಕಿಲೋ ಕಳಿಸಿ, ಅದರಿಂದಲೇ ಹೊಸದಾಗಿ ಒಂದು ಲೀಟರ್ ಬಾತ್ ಕಟ್ಟಿ ಪ್ಯಾನೆಲ್ ಎಳೀತೀನಿ. ದೂರದ ತುದಿ ಕಪ್ಪಾಗಿ ಬಂದ್ರೆ ಉಪ್ಪು, ತಿಳಿಯಾಗಿ ಬಂದ್ರೆ ಬಾರ್. ಅಷ್ಟರೊಳಗೆ ಬಾರ್‌ಗೆ ಸ್ಲೀವ್ ಹಾಕಿ, ಅದು ಹೇಗೂ ಬೇಕೇಬೇಕು. ಹಳೇ ಬಾತ್‌ದು ಒಂದು ಲೀಟರ್ ಕಾರ್ಬನ್ ಮಾಡಿದ್ದೂ ಜೊತೆಗೇ ಎಳೀತೀನಿ, ಸರ್ ಜೊತೆಗಿನ ನನ್ನ ವಾದವೂ ಅಲ್ಲಿ ಗೊತ್ತಾಗುತ್ತೆ.

ಮಂಜು_ಫ್ಯಾಬ್
ಕಳಿಸ್ತೀನಿ ಮೇಡಂ, ಚೀಲದ ಮೇಲಿನ ಬ್ಯಾಚ್ ನಂಬರ್ ಕೂಡ ಬರೆದು ಹಾಕ್ತೀನಿ. ಬಾರ್ ಬಿಚ್ಚಿ ಉಜ್ಜೋಕೆ ಹಾಕಿದೀವಿ.

ಬಸು_ತಾಮ್ರ
ಪ್ಯಾನೆಲ್ ಬಂದ ಮ್ಯಾಲೆ ಫೋಟೋ ಹಾಕ್ರಿ ಮೇಡಂ, ನಮ್ಮ ಹುಡುಗ್ರಿಗೂ ತೋರಸ್ತೀನಿ. ಮತ್ತ ಹಳೇ ಪ್ಲೇಟರ್ ಅಣ್ಣಾರ, ನಂದು ಕಾಪರ್ ಆನೋಡ್ ಚರ್ಚೆ ಬ್ಯಾರೆ ಶುರು ಮಾಡೀನ್ರಿ, ಅಲ್ಲೊಂದೀಟು ನೋಡ್ರಿ.